ಹೆಬ್ಬೆರಳು ಕೂತ ಜಾಗ

*ಮಗಳು ಕೆಲಸಕ್ಕೆಂದು ಬೇರೆ ಊರಲ್ಲಿದ್ದಾಳೆ. ಹೋದ ವಾರ ಒಂದು ರಾತ್ರಿ ಅವಳಿಂದ ಮೆಸೇಜ್ ಬಂತು: "ಅಪ್ಪಾ, ಇವತ್ತು ಮೊದಲನೇ ಸಲ ಆಫೀಸಲ್ಲಿ ಎಲ್ಲರ ಮುಂದೆ ನಿಂತು ನನ್ನ ಕೆಲಸದ ಬಗ್ಗೆ ಮಾತಾಡಿದೆ. ಕೈ ನಡುಗ್ತಿತ್ತು. ಆದ್ರೂ ಚೆನ್ನಾಗಾಯ್ತು ಅನ್ಸುತ್ತೆ." ನನಗೆ ತುಂಬಾ ಖುಷಿಯಾಗಿ 👍 ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು "ಕೋಪನಾ ಅಪ್ಪಾ?" ಅಂತ ಕೇಳಿದಳು. ಇಲ್ಲ ಅನ್ನೋಕೆ ಇನ್ನೊಂದು 👍 ಕಳಿಸಿದೆ. ಆಮೇಲೆ ಮಾತೇ ಇಲ್ಲ. ಭಾನುವಾರ ಫೋನ್ ಮಾಡಿದಾಗ, "ಅದು ಒಂಥರಾ ಮುಖದ ಮೇಲೆ ಬಾಗಿಲು ಹಾಕಿದ ಹಾಗಿತ್ತು" ಅಂದಳು. ನನ್ನ ಪಾಲಿಗೆ ಅದು ಶಹಬ್ಬಾಸ್ ಅಂತ. ಅವಳಿಗೆ ಯಾಕೆ ಹಾಗನಿಸಿತು?*

*— ಒಬ್ಬ ತಂದೆ*

ಮಾನ್ಯರೇ,

ನೀವು ಆ ಮೆಸೇಜನ್ನು ಇದ್ದ ಹಾಗೆಯೇ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಉತ್ತರ ಅದರಲ್ಲೇ ಇದೆ. ಇನ್ನೊಂದು ಸಲ ಓದಿ ನೋಡಿ.

ಮೊದಲ ಸಾಲು ಸುದ್ದಿ: ಎಲ್ಲರ ಮುಂದೆ ಮಾತಾಡಿದೆ. ಎರಡನೆಯದು ಬೇರೆ ಯಾರಿಗೂ ಹೇಳದೆ ಅಪ್ಪನಿಗೆ ಮಾತ್ರ ಹೇಳುವಂಥದ್ದು: ಕೈ ನಡುಗ್ತಿತ್ತು. ಮೂರನೆಯದರ ಕೊನೆಯಲ್ಲಿ "ಅನ್ಸುತ್ತೆ" ಅಂತಿದೆ. ಆ ಒಂದು ಪದ ಬಹಳ ಮುಖ್ಯ. "ಚೆನ್ನಾಗಾಯ್ತು" ಅಂತ ನಿಲ್ಲಿಸಿದ್ದರೆ ಅದು ಬರೀ ವರದಿ. "ಅನ್ಸುತ್ತೆ" ಸೇರಿದ ಕೂಡಲೇ ಅರ್ಧ ಪ್ರಶ್ನೆ ಆಯಿತು. ನಿಜವಾಗ್ಲೂ ಚೆನ್ನಾಗಾಗಿರುತ್ತೆ ಅಲ್ವಾ ಅಪ್ಪಾ, ಅಂತ ಅವಳು ಬಾಯಿಬಿಟ್ಟು ಕೇಳದೇ ಕೇಳಿದ್ದಾಳೆ. ಈ ಮೂರಕ್ಕೂ ಸೇರಿ ಒಂದು ಹೆಬ್ಬೆರಳು ಹೋಯಿತು. ಅದು ಸುದ್ದಿಯನ್ನು ತೆಗೆದುಕೊಂಡಿತು. ನಡುಗಿದ ಕೈಯೂ ಅರ್ಧ ಪ್ರಶ್ನೆಯೂ ಅಲ್ಲೇ ಉಳಿದವು.

ಫೋನಿನಲ್ಲಿ ನಾವು ಮಾತು ಹೇಗೆ ಮುಗಿಸುತ್ತೇವೆ ಅಂತ ಗಮನಿಸಿದ್ದೀರಾ? ಯಾರೂ ಥಟ್ಟನೆ ಇಡುವುದಿಲ್ಲ. ಮೊದಲು ಒಬ್ಬರು "ಸರಿ" ಅನ್ನುತ್ತಾರೆ, ಇಲ್ಲವೇ "ಆಯ್ತು ಹಾಗಾದ್ರೆ" ಅನ್ನುತ್ತಾರೆ. ಅದರಲ್ಲಿ ಹೊಸ ವಿಷಯ ಏನೂ ಇರುವುದಿಲ್ಲ. ನನ್ನ ಕಡೆಯಿಂದ ಇನ್ನೇನಿಲ್ಲ, ನಿಮ್ಮದೇನಾದರೂ ಇದ್ದರೆ ಹೇಳಿ ಅನ್ನುವ ಸೂಚನೆ ಅಷ್ಟೇ. ಆ ಕಡೆಯವರೂ "ಸರಿ" ಅಂದರೆ ಮಾತು ಮುಗಿಯಿತು. ಎಮಾನ್ಯುಯೆಲ್ ಶೆಗ್ಲಾಫ್ ಮತ್ತು ಹಾರ್ವಿ ಸ್ಯಾಕ್ಸ್ ಎಂಬ ಇಬ್ಬರು ವಿದ್ವಾಂಸರು 1973ರಲ್ಲೇ ಇದನ್ನು ಬಿಡಿಸಿ ಬರೆದರು. ಮಾತು ತಾನಾಗಿ ಮುಗಿಯುವುದಿಲ್ಲ, ಇಬ್ಬರೂ ಸೇರಿ ಮುಗಿಸಬೇಕು ಅನ್ನುವುದನ್ನು ಅವರು ತೋರಿಸಿಕೊಟ್ಟರು.

ಚಾಟಿನಲ್ಲಿ 👍 ಬಹಳ ಸಲ ಮಾಡುವ ಕೆಲಸ ಇದೇ. ಅದು "ಸರಿ, ಆಯ್ತು". ನಾಳೆ ಹತ್ತು ಗಂಟೆಗೆ ಮೀಟಿಂಗ್, ಕೀಲಿ ಮೇಜಿನ ಮೇಲಿಟ್ಟಿದ್ದೇನೆ, ಇಂಥ ಮೆಸೇಜಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅಲ್ಲಿ ಹುಡುಗರೂ ಅದನ್ನೇ ಕಳಿಸುತ್ತಾರೆ, ಯಾರಿಗೂ ಬೇಜಾರಾಗುವುದಿಲ್ಲ. ಹೇಳಬೇಕಾದ್ದು ಮುಗಿದಿರುತ್ತದೆ, ಮುಚ್ಚಿದರೆ ನಷ್ಟ ಇಲ್ಲ. ನಿಮ್ಮ ಮಗಳ ವಿಷಯದಲ್ಲಿ ಮಾತು ಆಗಷ್ಟೇ ಶುರುವಾಗಿತ್ತು. ಶುರುವಿನಲ್ಲೇ ಮುಗಿಸುವ ಗುರುತು ಬಂತು. ಬಾಗಿಲು ಹಾಕಿದ ಹಾಗಿತ್ತು ಅಂದಳಲ್ಲ, ಅದು ಅತಿಶಯೋಕ್ತಿ ಅಲ್ಲ. ಏನಾಯಿತೋ ಅದನ್ನೇ ಹೇಳಿದ್ದಾಳೆ.

ಹಾಗಾದರೆ ನಿಮಗೆ ಯಾಕೆ ಅದು ಶಹಬ್ಬಾಸ್? ನೀವು ಹೆಬ್ಬೆರಳನ್ನು ಕಲಿತದ್ದು ಕೈಯಿಂದ. ಯಾರೋ ಎದುರಿಗೆ ನಿಂತು ಹೆಬ್ಬೆರಳು ಎತ್ತಿದರೆ ಅದರ ಹಿಂದೆ ಒಂದು ಮುಖ ಇರುತ್ತದೆ, ಕಣ್ಣು ಅರಳಿರುತ್ತದೆ, ನಗು ಇರುತ್ತದೆ. ಫೋನಿನಲ್ಲಿ ಆ ಚಿತ್ರ ಒತ್ತುವಾಗಲೂ ನಿಮ್ಮ ಮುಖದಲ್ಲಿ ಆ ನಗು ಇದ್ದೇ ಇತ್ತು. ಅದು ಅವಳಿಗೆ ತಲುಪಲಿಲ್ಲ.

ಅವಳ ವಯಸ್ಸಿನ ಬಹಳ ಜನ ಅದನ್ನು ಕಲಿತದ್ದು ಒಂದು ಬಟನ್ ಆಗಿ. ಫೇಸ್‌ಬುಕ್‌ನಲ್ಲಿ ಲೈಕ್ ಬಂದದ್ದು 2009ರಲ್ಲಿ. ಆಮೇಲೆ ಅವರದೇ ಮೆಸೆಂಜರ್‌ನಲ್ಲಿ ನೀಲಿ ಹೆಬ್ಬೆರಳು ಬಂತು. ಅದನ್ನು ಇಟ್ಟ ಜಾಗ ನೋಡಿ. ಬರೆಯುವ ಪೆಟ್ಟಿಗೆ ಖಾಲಿ ಇದ್ದಾಗ ಪಕ್ಕದಲ್ಲಿ ಹೆಬ್ಬೆರಳು ಕಾಣುತ್ತದೆ. ಒಂದಕ್ಷರ ಬರೆಯಲು ಶುರು ಮಾಡಿದರೆ ಅದು ಹೋಗಿ ಕಳಿಸುವ ಗುರುತು ಬರುತ್ತದೆ. ಅಂದರೆ ಏನೂ ಬರೆಯದೇ ಇದ್ದಾಗ ಸಿಗುವ ಉತ್ತರ ಅದು. ಕೈ ತಾಗಿ ತಪ್ಪಿ ಹೋದದ್ದೂ ಉಂಟು. ವರ್ಷಗಟ್ಟಲೆ ಇಂಥ ಹೆಬ್ಬೆರಳನ್ನು ಪಡೆದವರಿಗೆ ಅದರಲ್ಲಿ ಮೆಚ್ಚುಗೆಗಿಂತ ಮೊದಲು ಕಾಣುವುದು ಆ ಖಾಲಿ ಪೆಟ್ಟಿಗೆ. ಇಷ್ಟೆಲ್ಲ ಬರೆದೆ, ಅವರಿಗೆ ಒಂದು ಪದ ಸಿಗಲಿಲ್ಲವಾ ಅನಿಸುತ್ತದೆ.

ಇಷ್ಟು ಸಣ್ಣದನ್ನು ಅಷ್ಟು ದೊಡ್ಡದು ಮಾಡಬೇಕಾ ಅಂತ ನಿಮಗೆ ಅನ್ನಿಸಬಹುದು. ಬರಹದಲ್ಲೇ ದಿನವಿಡೀ ಮಾತಾಡುವವರಿಗೆ ಸಣ್ಣದೇ ಕಾಣುವುದು. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸಿಲಿಯಾ ಕ್ಲಿನ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 126 ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಮೆಸೇಜ್ ಮಾತುಕತೆ ತೋರಿಸಿದರು. ಆಹ್ವಾನಕ್ಕೆ ಒಂದು ಪದದ ಉತ್ತರ, ಕೆಲವದರ ಕೊನೆಗೆ ಪೂರ್ಣವಿರಾಮ ಇತ್ತು, ಕೆಲವದಕ್ಕೆ ಇರಲಿಲ್ಲ. ಪೂರ್ಣವಿರಾಮ ಇದ್ದ ಉತ್ತರ ಮನಸ್ಸಿಟ್ಟು ಕೊಟ್ಟ ಹಾಗಿಲ್ಲ ಅಂದರು ಓದಿದವರು. ಅದೇ ಉತ್ತರವನ್ನು ಚೀಟಿಯಲ್ಲಿ ಕೈಬರಹದಲ್ಲಿ ತೋರಿಸಿದಾಗ ಚುಕ್ಕಿ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಆಗಲಿಲ್ಲ. ಒಂದು ಚುಕ್ಕಿಗೇ ಹೀಗಾದರೆ, ಮಾತಿನ ಜಾಗದಲ್ಲಿ ಪೂರ್ತಿ ಹೆಬ್ಬೆರಳೇ ಬಂದು ಕೂತಾಗ ಹೇಗಾಗಬೇಡ?

ಆದರೆ ಹೆಬ್ಬೆರಳಿಗೆ ಇಷ್ಟೇ ಅರ್ಥ ಅಂತ ನಿಘಂಟಿನಲ್ಲಿ ಬರೆದಿಡಲು ಆಗುವುದಿಲ್ಲ. ಇದು ಒಂದು ಸಲ ಕೋರ್ಟಿನವರೆಗೂ ಹೋಗಿದೆ. ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ 2021ರ ಮಾರ್ಚ್‌ನಲ್ಲಿ ಒಂದು ಧಾನ್ಯ ಖರೀದಿ ಕಂಪನಿಯವರು ಅಗಸೆ ಕೊಳ್ಳುವ ಕರಾರಿಗೆ ಸಹಿ ಹಾಕಿ, ಫೋಟೋ ತೆಗೆದು, ದಯವಿಟ್ಟು ಖಚಿತಪಡಿಸಿ ಅಂತ ರೈತನಿಗೆ ಮೆಸೇಜ್ ಮಾಡಿದರು. ರೈತ 👍 ಕಳಿಸಿದ. ನವೆಂಬರ್‌ನಲ್ಲಿ ಅಗಸೆ ಬರಲಿಲ್ಲ. ಅಷ್ಟರಲ್ಲಿ ಬೆಲೆ ಬಹಳ ಏರಿತ್ತು. ಕರಾರು ತಲುಪಿತು ಅಂತ ಹೇಳಲು ಮಾತ್ರ ಆ ಗುರುತು ಕಳಿಸಿದೆ, ಒಪ್ಪಿದ್ದೇನೆ ಅಂತಲ್ಲ, ಅನ್ನುವುದು ರೈತನ ವಾದ.

ನ್ಯಾಯಾಧೀಶರು ನೋಡಿದ್ದು ಆ ಇಬ್ಬರ ಹಳೆಯ ಮೆಸೇಜ್‌ಗಳನ್ನು. ಹಿಂದಿನ ಕರಾರುಗಳಿಗೆ ಅದೇ ರೈತ "ok", "yup", "looks good" ಅಂತ ಚುಟುಕಾಗಿ ಉತ್ತರ ಕೊಟ್ಟಿದ್ದ, ಪ್ರತಿ ಸಲವೂ ಮಾಲು ಕಳಿಸಿದ್ದ. ಈ ಸಲ ಆ ಜಾಗದಲ್ಲಿ ಹೆಬ್ಬೆರಳು ಬಂದಿದೆ, ಹಾಗಾಗಿ ಅದೂ ಒಪ್ಪಿಗೆಯೇ ಅಂತ 2023ರ ಜೂನ್‌ನಲ್ಲಿ ತೀರ್ಪು ಬಂತು. ರೈತ ಕೊಡಬೇಕಾದ ಪರಿಹಾರ 82,000 ಕೆನಡಾ ಡಾಲರಿಗಿಂತ ಜಾಸ್ತಿ. 2024ರ ಕೊನೆಯಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ನಿಂತಿತು.

ತಲುಪಿತು ಅಂತಲೋ, ಒಪ್ಪಿದೆ ಅಂತಲೋ? ಆ ಚಿತ್ರ ಒಂದನ್ನೇ ನೋಡಿದರೆ ಹೇಳಲಾಗದು. ಆ ವ್ಯಕ್ತಿ ಮೊದಲು ಹೇಗೆ ಉತ್ತರಿಸುತ್ತಿದ್ದ ಅನ್ನುವುದರಿಂದ ಗೊತ್ತಾಗುತ್ತದೆ. ನಿಮ್ಮ ಮಗಳು ಮಾಡಿದ್ದೂ ಇದೇ ಲೆಕ್ಕ. ನೀವು ಯಾವಾಗಲೂ ಎಲ್ಲದಕ್ಕೂ ಹೆಬ್ಬೆರಳನ್ನೇ ಕಳಿಸುವವರಾಗಿದ್ದರೆ, ಅಪ್ಪ ಹೀಗೇ ಅಂತ ಅವಳು ಎಂದೋ ಒಗ್ಗಿರುತ್ತಿದ್ದಳು. "ಕೋಪನಾ?" ಅಂತ ಕೇಳಿದಳು ಅಂದರೆ ಸಾಮಾನ್ಯವಾಗಿ ನೀವು ಒಂದೆರಡು ಮಾತು ಬರೆಯುವವರು, ಆ ದಿನ ಮಾತು ಕಡಿಮೆಯಾಯಿತು ಅಂತ ನನ್ನ ಊಹೆ. ಬೇಕಾದರೆ ಮೇಲಕ್ಕೆ ಹೋಗಿ ನಿಮ್ಮ ಹಳೆಯ ಚಾಟ್ ನೋಡಿ.

ಹಳೆಯ ಚಾಟೇ ಇಲ್ಲದ ಕಡೆ ಈ ಗುರುತು ಇನ್ನೂ ಕಷ್ಟ ಕೊಡುತ್ತದೆ. ಇದನ್ನು ನಾನೇ ಮಾಡಿದ್ದೇನೆ. ನಮ್ಮಲ್ಲಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ತನ್ನ ಮೊದಲ ಲೇಖನ ಕಳಿಸಿ, "ಸರ್, ಎರಡನೇ ಭಾಗ ಸ್ವಲ್ಪ ಎಳೆದ ಹಾಗಾಗಿದೆಯಾ ಗೊತ್ತಾಗ್ತಿಲ್ಲ" ಅಂತ ಬರೆದಿದ್ದಳು. ಲೇಖನ ಚೆನ್ನಾಗಿತ್ತು. ಬೇರೆ ಕೆಲಸದ ಮಧ್ಯೆ ಇದ್ದೆ, 👍 ಹಾಕಿದೆ. ಮಾರನೇ ದಿನ ಬೆಳಿಗ್ಗೆ ಇನ್ನೊಂದು ಪ್ರತಿ ಬಂತು. ಎರಡನೇ ಭಾಗವನ್ನು ಪೂರ್ತಿ ಕಿತ್ತು ಹೊಸದಾಗಿ ಬರೆದಿದ್ದಳು, ರಾತ್ರಿ ನಿದ್ದೆಗೆಟ್ಟು. ನಾನು "ಚೆನ್ನಾಗಿದೆ" ಅಂತ ಕಳಿಸಿದ್ದೆ. ಅವಳು "ಹೌದು, ಎಳೆದ ಹಾಗಾಗಿದೆ" ಅಂತ ಓದಿಕೊಂಡಿದ್ದಳು. ತಪ್ಪು ಅವಳದಲ್ಲ. ಅವಳ ಪ್ರಶ್ನೆಗೆ ಆ ಗುರುತು ಎರಡು ಉತ್ತರಕ್ಕೂ ಹೊಂದುತ್ತಿತ್ತು. ಮೇಲಿನವರಿಂದ ಬಂದಾಗ ಮನಸ್ಸು ಕೆಟ್ಟದ್ದನ್ನೇ ಆರಿಸಿಕೊಳ್ಳುತ್ತದೆ. ಹಳೆಯ ಪ್ರತಿಯೇ ಚೆನ್ನಾಗಿತ್ತು, ಅದನ್ನೇ ಅಚ್ಚಿಗೆ ಕಳಿಸಿದೆವು. ಅವಳ ಒಂದು ರಾತ್ರಿ ಹೋಯಿತಲ್ಲ ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ನಾನು ಒಂದನ್ನು ನೋಡಿಕೊಳ್ಳುತ್ತೇನೆ. ಬಂದ ಮೆಸೇಜಿನಲ್ಲಿ "ಅನ್ಸುತ್ತೆ", "ಗೊತ್ತಾಗ್ತಿಲ್ಲ", "ಸ್ವಲ್ಪ ಭಯ", ಇಂಥ ಪದ ಇದೆಯಾ? ಇದ್ದರೆ ಆ ಪದಕ್ಕೇ ಉತ್ತರ ಬರೆಯುತ್ತೇನೆ. ಉದ್ದ ಬೇಕಿಲ್ಲ. ಸಮಯ ಇಲ್ಲದಿದ್ದರೆ "ಓದಿದೆ, ಸಂಜೆ ಬರೀತೀನಿ" ಅಂದರೂ ಬಾಗಿಲು ತೆರೆದೇ ಇರುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ 2022ರಿಂದ ಮೆಸೇಜಿನ ಮೇಲೆಯೇ ರಿಯಾಕ್ಷನ್ ಹಾಕಬಹುದು. ಅಲ್ಲಿ ಅಂಟಿಸಿದ ಹೆಬ್ಬೆರಳು ನೋಡಿದೆ ಅನ್ನುವ ಗುರುತಾಗಿ ಉಳಿಯುತ್ತದೆ, ಆಮೇಲೆ ನೀವು ಬರೆಯಲು ಜಾಗ ಇರುತ್ತದೆ. ಬೇರೆ ಮೆಸೇಜಾಗಿ ಕಳಿಸಿದರೆ ಅದೇ ನಿಮ್ಮ ಉತ್ತರ ಆಗಿಬಿಡುತ್ತದೆ. ನೀವು ಕಳಿಸಿದ್ದು ಎರಡನೆಯ ಥರ.

ಹುಡುಗರೆಲ್ಲರೂ ಹೀಗೆ ಅಂದುಕೊಳ್ಳುತ್ತಾರೆ ಅಂತ ನಾನು ಹೇಳುವುದಿಲ್ಲ. ಹೆಬ್ಬೆರಳನ್ನು ಮನಸಾರೆ ಕಳಿಸುವ ಇಪ್ಪತ್ತರ ಹುಡುಗರೂ ಇದ್ದಾರೆ, ಅದು ಬಂದರೆ ಮುಖ ಸಣ್ಣದು ಮಾಡುವ ಐವತ್ತರವರೂ ಇದ್ದಾರೆ. ಮಗಳಿಗೂ ಒಂದು ಮಾತು ಹೇಳಬಹುದು, ಅಪ್ಪನ ಹೆಬ್ಬೆರಳಿನ ಹಿಂದೆ ನಗು ಇರುತ್ತೆ ಅಂತ. ಅವಳು ನಂಬುತ್ತಾಳೆ.

ಆದರೆ ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇದೆ. "ಕೋಪನಾ ಅಪ್ಪಾ?" ಅನ್ನುವುದಕ್ಕೆ ನೀವು ಫೋನಿನಲ್ಲಿ ಉತ್ತರ ಕೊಟ್ಟಿರಬಹುದು. ನಡುಗಿದ ಕೈಗೆ ಇನ್ನೂ ಕೊಟ್ಟಿಲ್ಲ. ಆ ಹಳೆಯ ಮೆಸೇಜನ್ನೇ ಒತ್ತಿ ಹಿಡಿದು, ಅದಕ್ಕೇ ರಿಪ್ಲೈ ಮಾಡಿ. "ಕೈ ನಡುಗ್ತಿದ್ರೂ ನಿಂತು ಮಾತಾಡಿದ್ಯಲ್ಲ ಮಗಳೇ, ಚೆನ್ನಾಗೇ ಆಗಿರುತ್ತೆ. ಏನು ಮಾತಾಡಿದೆ ಹೇಳು" ಅಂತ ಬರೆಯಿರಿ. ವಾರ ಕಳೆದಿದ್ದರೂ ಪರವಾಗಿಲ್ಲ.

— ಸಂಪಾದಕ