ಅಚ್ಚಿಗೆ ಹೋಗುವ ವೇಳೆಗೆ

*ಸಂಪಾದಕರೇ, ಭತ್ತಕ್ಕೆ ಔಷಧಿ ಹೊಡೆಯೋಣ ಅಂತ, ಇವತ್ತು ಮಳೆ ಬರುತ್ತಾ ಎಂದು ಫೋನಿನ ಎಐ ಆಪ್‌ನಲ್ಲಿ ಕೇಳಿದೆ. ಇವತ್ತಿನ ಮಾಹಿತಿ ತನ್ನ ಹತ್ತಿರ ಇಲ್ಲ, ಇದ್ದರೆ ಇಲ್ಲಿ ಹಾಕಿ ಎಂದಿತು. ಕ್ರಿಕೆಟ್ ಸ್ಕೋರ್ ಕೇಳಿದರೂ ಅದೇ ರಾಗ. ಎಲ್ಲಾ ನಾನೇ ತಂದು ಹಾಕೋದಾದ್ರೆ ಅದು ಯಾಕೆ ಬೇಕು?*
*— ಓದುಗರು, ಪಾಂಡವಪುರ ತಾಲ್ಲೂಕು*

ನಿಮ್ಮ ಬೇಸರ ಅರ್ಥವಾಗುತ್ತದೆ. ಬರೀ ಸ್ಕೋರ್ ತಿಳಿಯಬೇಕಿದ್ದರೆ ಟಿವಿ ಹಾಕಿದರೆ ಸಾಕು. ಈಗೀಗ ಕೆಲವು ಆಪ್‌ಗಳು ತಾವೇ ಇಂಟರ್‌ನೆಟ್‌ನಲ್ಲಿ ಹುಡುಕಿ ಹೇಳುತ್ತವೆ, ಅದೂ ನಿಜ. ಆದರೆ ನಿಮ್ಮ ಆಪ್ ಹೇಳಿದ ಮಾತಿದೆಯಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು.

ನಾನು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಕಾಲದಲ್ಲಿ ಹಳ್ಳಿಗಳಿಗೆ ಹೋಗುವ ಪುಟ ಬೇಗ ಮುಗಿಯಬೇಕಿತ್ತು. ಪಂದ್ಯ ಇನ್ನೂ ನಡೆಯುತ್ತಿರುತ್ತಿತ್ತು. ಆಗ ಒಂದು ಸಾಲು ಹಾಕುತ್ತಿದ್ದೆವು: ‘ಪತ್ರಿಕೆ ಅಚ್ಚಿಗೆ ಹೋಗುವ ವೇಳೆಗೆ’ ಇಷ್ಟು ರನ್, ಇಷ್ಟು ವಿಕೆಟ್, ಇಷ್ಟು ಓವರ್. ಒಂದು ರಾತ್ರಿ ಸುದ್ದಿ ಬರುವ ಲೈನ್ ಕೆಟ್ಟಿತು. ನನ್ನ ಜೊತೆಗಿದ್ದವನು ಅಲ್ಲಿಯವರೆಗಿನ ರನ್ ವೇಗ ನೋಡಿ, ಮುಂದಿನ ಹತ್ತು ಓವರ್‌ಗೆ ಇಷ್ಟಾಗಬಹುದು ಎಂದು ಲೆಕ್ಕ ಹಾಕಿ ಸ್ಕೋರ್ ಬರೆದುಬಿಟ್ಟ. ಓದಿದರೆ ಎಲ್ಲೂ ಅನುಮಾನ ಬರುತ್ತಿರಲಿಲ್ಲ. ನಮ್ಮ ಹಿರಿಯರು ಪುಟ ನಿಲ್ಲಿಸಿ ಆ ಸಾಲು ತೆಗೆಸಿದರು. ಅಷ್ಟು ಜಾಗ ಖಾಲಿ ಹೋಯಿತು.

ಎಐ ಆಪ್‌ನ ಒಳಗೆ ನಡೆಯುವುದೂ ಹೆಚ್ಚುಕಡಿಮೆ ಹೀಗೇ. ಒಂದು ದಿನಾಂಕದವರೆಗೆ ಸಿಕ್ಕ ಬರಹಗಳಿಂದ ಅದನ್ನು ತಯಾರು ಮಾಡಿರುತ್ತಾರೆ. ಆಮೇಲೆ ಬಂದ ಮಳೆ, ನಡೆದ ಪಂದ್ಯ ಅದಕ್ಕೆ ಗೊತ್ತಿರುವುದಿಲ್ಲ. ಹೊರಗಿನಿಂದ ಯಾರೂ ಹೇಳದಿದ್ದರೆ ಇವತ್ತು ಯಾವ ತಾರೀಖು ಅನ್ನುವುದೂ ಗೊತ್ತಿರುವುದಿಲ್ಲ. ಆದರೆ ಮಂಡ್ಯದ ಹವಾಮಾನ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ಓದಿಕೊಂಡಿರುತ್ತದೆ. ಅದರ ಮೇಲೆ ‘ಮೋಡ ಕವಿದ ವಾತಾವರಣ, 29 ಡಿಗ್ರಿ, ಸಂಜೆ ತುಂತುರು’ ಎಂದು ಬರೆಯುವುದು ಅದಕ್ಕೆ ಸುಲಭ. ಆಗಸ್ಟ್‌ನಲ್ಲಿ ಅದು ಸರಿಯೂ ಆಗಬಹುದು. ನಂಬಿ ಔಷಧಿ ಕಲಸಿದರೆ ಗತಿ ಏನು? ಉತ್ತರದಲ್ಲಿ ಯಾರು ಹೇಳಿದ್ದು, ಯಾವ ದಿನ ಎಷ್ಟು ಹೊತ್ತಿಗೆ ಹೇಳಿದ್ದು ಎಂಬುದು ಇಲ್ಲದಿದ್ದರೆ ಅದು ನನ್ನ ಗೆಳೆಯ ಬರೆದ ಸ್ಕೋರ್ ಇದ್ದ ಹಾಗೆ. ನಿಮ್ಮ ಆಪ್ ಆ ಜಾಗವನ್ನು ಖಾಲಿ ಬಿಟ್ಟಿತು. ಅದಕ್ಕೆ ನೀವು ಬೈದಿದ್ದೀರಿ.

ತಂದು ಹಾಕುವುದು ಯಾಕೆ ಅಂದಿರಿ. ನೀವು ತಂದದ್ದನ್ನು ಬಿಡಿಸಿ ಹೇಳಲಿಕ್ಕೆ. ಹವಾಮಾನ ಇಲಾಖೆಯ ಕೃಷಿ ಬುಲೆಟಿನ್ ಜಿಲ್ಲೆವಾರು ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಅದರಲ್ಲಿ ಮುಂದಿನ ಐದು ದಿನದ ಪಟ್ಟಿ ಇರುತ್ತದೆ: ಮಳೆ ಮಿಲಿಮೀಟರ್‌ನಲ್ಲಿ, ಉಷ್ಣಾಂಶ, ಗಾಳಿಯ ತೇವ, ಗಾಳಿಯ ವೇಗ ಮತ್ತು ದಿಕ್ಕು, ಮೋಡ ಎಂಟರಲ್ಲಿ ಎಷ್ಟು ಭಾಗ. ಇಷ್ಟನ್ನು ಒಟ್ಟಿಗೆ ನೋಡಿ ‘ನನ್ನ ಗದ್ದೆಗೆ ಯಾವತ್ತು ಹೊಡೆಯಲಿ’ ಎಂದು ತೀರ್ಮಾನ ಮಾಡುವುದು ಎಲ್ಲರಿಗೂ ಸಲೀಸಲ್ಲ. ಅಲ್ಲಿ ಆಪ್ ಕೆಲಸಕ್ಕೆ ಬರುತ್ತದೆ.

ಎಡವುವುದು ಕಾಪಿ ಮಾಡುವಾಗ. ಶುಕ್ರವಾರದ ಬುಲೆಟಿನ್‌ನಲ್ಲಿ ಶನಿವಾರದಿಂದ ಬುಧವಾರದವರೆಗೆ ಮಳೆ 0, 2, 12, 18, 4 ಎಂದಿದೆ ಅಂತಿಟ್ಟುಕೊಳ್ಳಿ. ಫೋನಿನಲ್ಲಿ ಪಟ್ಟಿಯ ಮೇಲೆ ಬೆರಳಿಟ್ಟು ಎಳೆದರೆ ಎಷ್ಟೋ ಸಲ ತಾರೀಖಿನ ಸಾಲು ಹಿಂದೆಯೇ ಉಳಿದು ಅಂಕಿಗಳು ಮಾತ್ರ ಬರುತ್ತವೆ. ನೀವು ಶನಿವಾರ ಬೆಳಿಗ್ಗೆ ಅಷ್ಟನ್ನೇ ಹಾಕಿ ‘ನಾಳೆ ಹೊಡೀಬಹುದಾ’ ಅಂದರೆ, ಮೊದಲನೇ ಸೊನ್ನೆಯನ್ನು ನಾಳೆ ಅಂದುಕೊಳ್ಳಲು ಏನೂ ಅಡ್ಡಿ ಇಲ್ಲ. ಭಾನುವಾರ ಒಣ, ಸೋಮವಾರ ಬರೀ 2 ಮಿಲಿಮೀಟರ್, ಹೊಡೆಯಿರಿ ಎಂದು ಉತ್ತರ ಬರುತ್ತದೆ. ನಿಜವಾಗಿ ಸೋಮವಾರ ಇರುವುದು 12. ಎಲೆಯ ಮೇಲಿನ ಔಷಧಿ ಗದ್ದೆ ನೀರಿಗೆ ಹೋಯಿತು. ಪಟ್ಟಿಯನ್ನು ಸರಿಯಾಗಿ ಓದಿದ್ದರೆ ಶನಿವಾರವೇ ಮುಗಿಸಬೇಕಿತ್ತು.

ಆದ್ದರಿಂದ ತಲೆಬರಹ, ಹೊರಡಿಸಿದ ದಿನ, ಜಿಲ್ಲೆಯ ಹೆಸರು, ಪಟ್ಟಿ ಎಲ್ಲಾ ಸೇರಿಸಿ ಹಾಕಿ. ಕೆಳಗೆ ಒಂದು ಸಾಲು ನೀವೇ ಬರೆಯಿರಿ: ಇವತ್ತು ಇಂಥ ತಾರೀಖು, ಶನಿವಾರ, ಬೆಳಿಗ್ಗೆ 7 ಗಂಟೆ. ಔಷಧಿಯ ಮಾತು ಆಮೇಲೆ. ಮೊದಲು ತಾರೀಖು ಮತ್ತು ಮಳೆಯನ್ನು ಒಂದೊಂದೇ ಸಾಲಾಗಿ ಬರೆಸಿ ಬುಲೆಟಿನ್ ಜೊತೆ ತಾಳೆ ನೋಡಿ. ಐದು ಸಾಲು, ಅರ್ಧ ನಿಮಿಷದ ಕೆಲಸ. ಇನ್ನೊಂದು ವಿಷಯ. ಇವತ್ತಿನ ತಾರೀಖು ಹಾಕಿ ಇಲಾಖೆ ಕೊಡುವ ‘ಬಿದ್ದ ಮಳೆ’ಯ ಅಂಕಿ ನಿನ್ನೆ ಬೆಳಿಗ್ಗೆ 8.30ರಿಂದ ಇವತ್ತು ಬೆಳಿಗ್ಗೆ 8.30ರವರೆಗಿನದು. ಅದನ್ನು ಮುನ್ಸೂಚನೆ ಅಂತ ಹಾಕಬೇಡಿ. ಮತ್ತೆ ಎಷ್ಟೇ ಸರಿಯಾಗಿ ಹಾಕಿದರೂ ಅದು ಜಿಲ್ಲೆಯ ಲೆಕ್ಕ. ನಿಮ್ಮ ಗದ್ದೆಯ ಮೇಲಿನ ಮೋಡ ಅದರಲ್ಲಿ ಇಲ್ಲ.

ಸ್ಕೋರ್ ವಿಷಯವೂ ಇಷ್ಟೇ. ‘142ಕ್ಕೆ 4, ಗೆಲ್ತಾರಾ?’ ಎಂದು ಕೇಳಿದರೆ ಯಾರು ತಾನೇ ಏನು ಹೇಳಬೇಕು? 20 ಓವರಿನ ಪಂದ್ಯ, ಗುರಿ 187, ಆಗಿರುವುದು 16 ಓವರ್ ಎಂದು ಸೇರಿಸಿ. ಆಗ 24 ಎಸೆತಕ್ಕೆ 45 ರನ್, ಓವರಿಗೆ 11.25 ಬೇಕು ಎಂದು ಲೆಕ್ಕ ಸಿಗುತ್ತದೆ. ನೀವು ಕಾಪಿ ಮಾಡಿ ಹಾಕುವಷ್ಟರಲ್ಲಿ ಎರಡು ಓವರ್ ಕಳೆದಿದ್ದರೆ ಆ ಲೆಕ್ಕವೂ ಹಳೆಯದು.

ನನಗೆ ಸಿಟ್ಟಿರುವುದು ನಿಮ್ಮ ಮೇಲಲ್ಲ, ತಾರೀಖು ಇಲ್ಲದ ಸುದ್ದಿಗೆ ನಾವೆಲ್ಲ ಒಗ್ಗಿಹೋದದ್ದರ ಮೇಲೆ. ನಮ್ಮ ಕಡೆ ಮುಂಗಾರು ಶುರುವಾದರೆ ಮೊದಲ ಮಾತೇ ‘ಕಟ್ಟೆ ಎಷ್ಟಾಯ್ತು?’ ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಪ್ರತಿ ವರ್ಷ ಗೇಟುಗಳಿಂದ ನೀರು ಧುಮುಕುವ ಯಾವುದೋ ಹಳೇ ವಿಡಿಯೊ ಹರಿದಾಡುತ್ತದೆ, ಮೇಲೆ ‘ಇದೀಗ ಬಂದ ಸುದ್ದಿ’ ಎಂಬ ಸಾಲು. ಯಾವ ವರ್ಷದ ‘ಇದೀಗ’? ಕಳಿಸಿದವರೂ ಕೇಳುವುದಿಲ್ಲ, ನೋಡಿದವರೂ ಕೇಳುವುದಿಲ್ಲ. ಹೋದ ವರ್ಷ ನಮ್ಮ ಕಚೇರಿಗೇ ಅಂಥದ್ದು ಮೂರು ಬಂದವು. ಒಂದರಲ್ಲಿ ದಡದ ಜನರೆಲ್ಲ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನಿಂತಿದ್ದರು.

ನಮ್ಮಪ್ಪ ರೇಡಿಯೋದಲ್ಲಿ ಕಟ್ಟೆಯ ಮಟ್ಟ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಪೆನ್ಸಿಲ್‌ನಿಂದ ಬರೆಯುತ್ತಿದ್ದರು. ಅಡಿ, ಪಕ್ಕದಲ್ಲಿ ಸಣ್ಣದಾಗಿ ‘ಬೆ’ ಅಥವಾ ‘ಸಂ’. ಒಂದು ದಿನ ಕರೆಂಟ್ ಹೋಗಿ ಕೇಳಲಾಗದಿದ್ದರೆ ಆ ಚೌಕ ಹಾಗೇ ಇರುತ್ತಿತ್ತು. ಹಿಂದಿನ ದಿನ 98, ಮರುದಿನ 102, ನಡುವೆ 100 ಎಂದು ತುಂಬಿಸಲು ಹೋದ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಿದ್ದು ನೆನಪಿದೆ.

ನೀವು ಕಾಗದ ಬರೆದದ್ದು ಗುರುವಾರ. ಕಳೆದ ಶುಕ್ರವಾರದ ಬುಲೆಟಿನ್ ಬುಧವಾರಕ್ಕೇ ಮುಗಿದಿದೆ, ಅದನ್ನು ಬಿಡಿ. ಮಂಗಳವಾರ ಬಂದದ್ದು ಭಾನುವಾರದವರೆಗೆ ಇದೆ. ಔಷಧಿ ಕಲಸುವ ಮೊದಲು ಅದನ್ನು ತಲೆಬರಹದ ಸಮೇತ ಹಾಕಿ ನೋಡಿ.