ಸಿಜಿಪಿಎಯನ್ನು ಶೇಕಡಾ ಮಾಡಿ ಕಳಿಸಬೇಡ

"ಅಕ್ಕಾ, ನಂದು ವಿಟಿಯು 2018ರ ಸ್ಕೀಮ್, ಕಂಪ್ಯೂಟರ್ ಸೈನ್ಸ್, ಸಿಜಿಪಿಎ 7.60. ಜರ್ಮನಿಗೆ ಮಾಸ್ಟರ್ಸ್ ಅರ್ಜಿ ಹಾಕ್ತಿದ್ದೀನಿ. ಕಟ್‌ಆಫ್ 2.5, ಗಣಿತದಲ್ಲಿ 20 ಇಸಿಟಿಎಸ್, ಅಂದ್ರೆ ಯುರೋಪಿನ ಕ್ರೆಡಿಟ್, ಬೇಕು ಅಂತಿದೆ. ಹೇಗೆ ಬದಲಾಯಿಸೋದು? ಸಬ್ಜೆಕ್ಟ್ ಹೆಸರೂ ಬದಲಾಯಿಸಿ ಬರೀಬೇಕಾ? ಚಳಿ, ಊಟ ಎಲ್ಲಾ ಹೇಗೆ?"

ಚಳಿಗೆ ಜಾಕೆಟ್ ಇಲ್ಲೇ ಬಂದು ತಗೋ. ಸಾರಿನ ಪುಡಿ ಮಾತ್ರ ಅಮ್ಮನ ಕೈಯಿಂದಲೇ ಮಾಡಿಸ್ಕೊಂಡು ಬಾ. ಉಳಿದದ್ದಕ್ಕೆ ಸ್ವಲ್ಪ ಕೂತು ಹೇಳಬೇಕು.

ಇಲ್ಲಿ ಗ್ರೇಡು ಉಲ್ಟಾ. 1.0 ಅಂದ್ರೆ ಅತ್ಯುತ್ತಮ, 4.0 ಅಂದ್ರೆ ದಡ ಸೇರಿದ ಹಾಗೆ. ಹಾಗಾಗಿ 2.5ರ ಕಟ್‌ಆಫ್ ಅಂದ್ರೆ ನಿನ್ನದು ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಬಹುತೇಕ ಕಡೆ ಬಳಸೋದು ಬವೇರಿಯನ್ ಸೂತ್ರ:

```
N = 1 + 3 × (Nmax − Nd) / (Nmax − Nmin)
```

Nmax ಅಂದ್ರೆ ಸಿಗಬಹುದಾದ ಗರಿಷ್ಠ, Nmin ಅಂದ್ರೆ ಪಾಸಿಗೆ ಬೇಕಾದ ಕನಿಷ್ಠ, Nd ನಿನ್ನದು. ಮೂರೂ ಒಂದೇ ಅಳತೆಯಲ್ಲಿರಬೇಕು. ಗರಿಷ್ಠ 10, ಕನಿಷ್ಠ 4 (ಪಾಸಿನ ಕೊನೆಯ ಗ್ರೇಡಿನ ಅಂಕ) ಅಂತ ಇಟ್ಟರೆ ನಿನ್ನ 7.60 ಸರಿಯಾಗಿ 2.2 ಆಗುತ್ತೆ. ಪದವಿಗೆ ಸಿಜಿಪಿಎ ಕನಿಷ್ಠ 5 ಬೇಕು ಅನ್ನೋ ನಿಯಮ ಹಿಡಿದು 5 ಇಟ್ಟರೆ 2.44. ಎರಡರಲ್ಲೂ ಒಳಗಿದ್ದೀಯ.

ಈಗ ನಮ್ಮೂರ ಅಭ್ಯಾಸದಂತೆ ಶೇಕಡಾ ಮಾಡಿ ನೋಡು. ವಿಟಿಯು ಸೂತ್ರ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸೋದು, ಅಂದ್ರೆ 68.5. ಗರಿಷ್ಠ 100, ಕನಿಷ್ಠ 40 ಇಟ್ಟರೆ 2.575. ಅದೇ ಹುಡುಗ, ಅದೇ ಮಾರ್ಕ್ಸು, ಬಾಗಿಲು ಮುಚ್ಚಿತು! ಇದೇಕೆ ಅಂದ್ರೆ 70ರಿಂದ 79ರವರೆಗಿನ ಎಲ್ಲರಿಗೂ 8 ಅಂಕ ಕೊಡ್ತಾರೆ. ಆ ಉಬ್ಬನ್ನು ಇಳಿಸೋಕೇ 0.75 ಕಳೆಯೋದು. ಇಳಿಸಿದ ಸಂಖ್ಯೆಯನ್ನು ಇಳಿಸದ ಅಳತೆಯ ಜೊತೆ ಹೋಲಿಸಿದರೆ ನಷ್ಟ ನಿನಗೇ. ನಾನೂ ಬರುವಾಗ ಶೇಕಡಾ ಮಾಡಿಯೇ ಕಳಿಸಿದ್ದೆ. ಒಂದು ಸೆಮಿಸ್ಟರ್ ಹೋಯ್ತು, ಈಗಲೂ ಹೊಟ್ಟೆ ಉರಿಯುತ್ತೆ.

ಆದ್ದರಿಂದ ಫಾರ್ಮಿನಲ್ಲಿ 7.60 ಅಂತಲೇ ಹಾಕು, ಅಳತೆ ಕೇಳಿದರೆ ಗರಿಷ್ಠ 10 ಅಂತ ಬರಿ. ಕನಿಷ್ಠ ಯಾವುದು ಹಿಡೀಬೇಕು ಅನ್ನೋದನ್ನ ಕಚೇರಿಯವರು ತೀರ್ಮಾನಿಸ್ತಾರೆ, ನೀನು ಬೇಡ. ಗ್ರೇಡ್, ಅಂಕ, ಮಾರ್ಕ್ಸಿನ ಪಟ್ಟಿ ಟ್ರಾನ್ಸ್‌ಕ್ರಿಪ್ಟಿನ ಹಿಂದೆ ಮುದ್ರಿಸಿದೆಯಾ ನೋಡು. ಸ್ಕ್ಯಾನ್ ಮಾಡುವಾಗ ಹಿಂಬದಿ ಬಿಟ್ಟು ಕಳಿಸೋರೇ ಜಾಸ್ತಿ.

ಇನ್ನು ಸಬ್ಜೆಕ್ಟ್ ಹೆಸರು. ಒಂದಕ್ಷರ ಬದಲಾಯಿಸಬೇಡ. ದಾಖಲೆ ಪರಿಶೀಲಿಸೋ ಎಪಿಎಸ್‌ಗೆ ಕೊಟ್ಟ ಮಾರ್ಕ್ಸ್ ಕಾರ್ಡಿಗೂ ಅರ್ಜಿಗೂ ಹೆಸರು ಹೊಂದದಿದ್ದರೆ ಅನುಮಾನ ಬರುತ್ತೆ. ಹೆಸರು ಹಾಗೇ ಇರಲಿ, ಪಕ್ಕದಲ್ಲಿ ಒಂದು ಕಾಲಂ ಮಾಡಿ ಅದರಲ್ಲಿ ಏನೇನು ಕಲಿತೆ ಅಂತ ಎರಡು ಸಾಲು ಬರಿ, ನಿನ್ನದೇ ಸ್ಕೀಮಿನ ಸಿಲಬಸ್ ಲಗತ್ತಿಸು. ಹಿಂದಿನ 17MAT31 ಬರೀ "ಇಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್-III". ಓದಿದವನಿಗೆ ಏನೂ ತಿಳಿಯಲ್ಲ. ನಿನ್ನ 18MAT31ರಲ್ಲಿ ಟ್ರಾನ್ಸ್‌ಫಾರ್ಮ್ ಕ್ಯಾಲ್ಕುಲಸ್, ಫೋರಿಯರ್ ಸೀರೀಸ್ ಅಂತ ಹೆಸರಲ್ಲೇ ಇದೆ, ನಿನ್ನ ಅದೃಷ್ಟ.

ಗಣಿತದ ಲೆಕ್ಕದಲ್ಲೇ ಹುಡುಗರು ಬೀಳೋದು. ನಮ್ಮ ಒಂದು ಕ್ರೆಡಿಟ್ ಅಂದ್ರೆ ಒಂದು ಇಸಿಟಿಎಸ್ ಅಲ್ಲ. ನಿನ್ನ ಬಿಇ 175 ಕ್ರೆಡಿಟ್, ಇಲ್ಲಿ ನಾಲ್ಕು ವರ್ಷಕ್ಕೆ 240 ಇಸಿಟಿಎಸ್. ಹಾಗಾಗಿ 240/175, ಸುಮಾರು 1.37ರಿಂದ ಗುಣಿಸು. 18MAT11, 18MAT21 ತಲಾ 4 ಕ್ರೆಡಿಟ್, 18MAT31, 18MAT41 ತಲಾ 3. ಒಟ್ಟು 14, ಅಂದ್ರೆ 19.2 ಇಸಿಟಿಎಸ್. 20ಕ್ಕೆ ಕೂದಲೆಳೆಯಷ್ಟು ಕಡಿಮೆ. ಇಲ್ಲಿ ಹೆದರಿ ಅರ್ಜಿಯನ್ನೇ ಬಿಟ್ಟುಬಿಡ್ತಾರೆ.

ಆದರೆ ಮೂರನೇ ಸೆಮಿಸ್ಟರಿನ 18CS36 ನೆನಪಿದೆಯಾ? ಡಿಸ್ಕ್ರೀಟ್ ಮ್ಯಾಥಮ್ಯಾಟಿಕಲ್ ಸ್ಟ್ರಕ್ಚರ್ಸ್. ಕೋಡಿನಲ್ಲಿ CS ಇರೋದರಿಂದ ಎಲ್ಲರೂ ಅದನ್ನ ಕಂಪ್ಯೂಟರ್ ಪಟ್ಟಿಗೆ ಹಾಕ್ತಾರೆ. ಲಾಜಿಕ್, ಸೆಟ್ಟು, ರಿಲೇಶನ್ನು, ಗ್ರಾಫು, ಅದೆಲ್ಲ ಶುದ್ಧ ಗಣಿತ. ಅದರ 3 ಕ್ರೆಡಿಟ್ ಸೇರಿಸಿದರೆ 17, ಅಂದ್ರೆ 23.3. ಆದರೆ ಒಂದು ವಿಷಯವನ್ನು ಎರಡು ಪಟ್ಟಿಯಲ್ಲಿ ಎಣಿಸಬೇಡ. ಕಂಪ್ಯೂಟರ್ ಕಡೆ ಕಡಿಮೆಯಾಗುತ್ತಾ ಅಂತ ಮೊದಲು ನೋಡ್ಕೋ. ಲೆಕ್ಕವನ್ನೂ ಗುಣಕವನ್ನೂ ಪಟ್ಟಿಯ ಕೆಳಗೆ ಬರಿ, ಅವರ ಗುಣಕ ಬೇರೆಯಿದ್ದರೆ ಅವರೇ ತಿದ್ದಿಕೊಳ್ತಾರೆ.

ಟ್ರಾನ್ಸ್‌ಕ್ರಿಪ್ಟಿನ ಸೀಲು ಮಾಡಿದ ಲಕೋಟೆಗಳನ್ನ ಬೇಕಾದ್ದಕ್ಕಿಂತ ಎರಡು ಹೆಚ್ಚೇ ಮಾಡಿಸು. ಇಲ್ಲಿ ಬಂದ ಮೇಲೆ ಬೆಳಗಾವಿಯ ವಿಟಿಯು ಕಚೇರಿಗೆ ಅಲ್ಲಿನ ಹತ್ತು ಗಂಟೆಗೆ ಫೋನ್ ಮಾಡಬೇಕಾದರೆ ಚಳಿಗಾಲದಲ್ಲಿ ಬೆಳಗಿನ ಐದೂವರೆಗೇ ಏಳಬೇಕು, ಹೊರಗೆ ಇನ್ನೂ ಕಗ್ಗತ್ತಲು.