ಅಂದ ಮಾತನ್ನು ಅಂದ ಹಾಗೇ ಬರೆಯಿರಿ

*ಸಂಪಾದಕರೇ, ನಾನು ಅಕ್ಕಲಕೋಟೆಯವಳು. ಪುಣೆಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಹಾಸ್ಟೆಲ್ ಮೆಸ್‌ನಲ್ಲಿ ಸೀನಿಯರ್ ಹುಡುಗಿಯರು ನನ್ನ ಬಣ್ಣದ ಬಗ್ಗೆ ಆಡಿಕೊಳ್ಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕಿ ನಕ್ಕರು. ಪ್ರಾಕ್ಟಿಕಲ್ ತಗೊಳ್ಳುವ ಸರ್ ಕೂಡ ಒಂದು ಮಾತು ಅಂದರು. ರೆಕ್ಟರ್‌ಗೆ ಅರ್ಜಿ ಕೊಟ್ಟೆ. "ಇದರಲ್ಲಿ ಏನೂ ಇಲ್ವಲ್ಲ, ಮಸ್ಕರಿ ಮಾಡಿರ್ತಾರೆ ಬಿಡು" ಅಂದರು. ಅರ್ಜಿಯ ನಕಲು ಕಳಿಸಿದ್ದೇನೆ. ನಡೆದದ್ದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಾನು ಎಲ್ಲಿ ತಪ್ಪಿದೆ? ಮನೆಯಲ್ಲಿ ಇನ್ನೂ ಹೇಳಿಲ್ಲ.*
*— ಹೆಸರು ಬೇಡ, ಪುಣೆ*

ಸಂಪಾದಕರ ಉತ್ತರ

ತಂಗಿ, ನಿಮ್ಮ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನಿಜವಾದ ದೂರು ಇರುವುದು ನನಗೆ ಬರೆದ ಹಾಳೆಯಲ್ಲಿ. ರೆಕ್ಟರ್‌ಗೆ ಕೊಟ್ಟದ್ದರಲ್ಲಿ ಅದರ ಸುಳಿವೇ ಇಲ್ಲ. ಅಲ್ಲಿ ನೀವು ಬರೆದದ್ದು ಇಷ್ಟೇ: "ಕೆಲವು ಸೀನಿಯರ್‌ಗಳು ನನ್ನ ರೂಪದ ಬಗ್ಗೆ ಯಾವಾಗಲೂ ಕೀಳಾಗಿ ಮಾತಾಡಿ ಮಾನಸಿಕ ಹಿಂಸೆ ಕೊಡುತ್ತಿದ್ದಾರೆ. ನಾನು ಸ್ವಲ್ಪ ಕಪ್ಪಗಿರಬಹುದು, ಆದರೆ ಓದಿನಲ್ಲಿ ಯಾರಿಗೂ ಕಡಿಮೆ ಇಲ್ಲ. ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಬೇಕು."

ಯಾರು ಅಂದರು, ಏನು ಅಂದರು, ಯಾವತ್ತು ಅಂದರು ಎಂಬುದು ಇಲ್ಲಿ ಇಲ್ಲ. ರೆಕ್ಟರ್ ಹೇಳಿದ್ದು ನನಗೂ ಹಿಡಿಸಲಿಲ್ಲ. ಆದರೆ ಈ ಕಾಗದ ಹಿಡಿದುಕೊಂಡು ಯಾರನ್ನು ಕರೆದು ಏನು ಕೇಳಬೇಕು ಎಂದು ಅವರಿಗೂ ತಿಳಿಯುವುದಿಲ್ಲ. "ಕೀಳಾಗಿ" ಅನ್ನುವುದು ನಿಮ್ಮ ತೀರ್ಪು. ತೀರ್ಪು ಕೊಡುವ ಕೆಲಸ ಅವರದು, ಅದಕ್ಕೆ ಬೇಕಾದ ಮಾತನ್ನು ನೀವು ಕೊಡಬೇಕು.

ಆ ಮಾತನ್ನು ಬರೆಯಲು ಕೈ ಏಳುವುದಿಲ್ಲ, ಅಲ್ವಾ? ಬರೆದರೆ ನಮ್ಮ ಕೈಯಾರೆ ನಮ್ಮನ್ನೇ ಬೈದುಕೊಂಡ ಹಾಗೆ ಅನಿಸುತ್ತದೆ. ನಮ್ಮಲ್ಲಿ ಹುಡುಗಿಯ ಬಣ್ಣದ ಮಾತು ಹುಟ್ಟಿದ ಮನೆಯಲ್ಲೇ ಶುರುವಾಗುತ್ತದೆ, ಕಡಲೆಹಿಟ್ಟು ಹಚ್ಚುವ ನೆವದಲ್ಲಿ. ಹಾಗಾಗಿ ಯಾರೋ ಅಂದ ಮಾತು ನಮ್ಮದೇ ಗುಟ್ಟೇನೋ ಎನ್ನುವಂತೆ ಮುಚ್ಚಿಡುತ್ತೇವೆ. ಮುಚ್ಚಿಟ್ಟರೆ ಲಾಭ ಆಗುವುದು ಅಂದವರಿಗೆ. "ಕೆಟ್ಟದಾಗಿ ಮಾತಾಡಿದರು" ಎಂದು ಬರೆದರೆ ಅವರು "ಹಾಗೇನೂ ಇಲ್ಲ ಸರ್" ಎಂದು ಎದ್ದು ಹೋಗಬಹುದು. ಮಾತೇ ಕಾಗದದ ಮೇಲಿದ್ದರೆ "ಇದನ್ನು ಅಂದೆಯಾ, ಇಲ್ಲವಾ?" ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಇನ್ನೊಂದು ಅನುಕೂಲವೂ ಇದೆ. ಬರೆಯದಿದ್ದರೆ ಸಮಿತಿಯವರೆಲ್ಲ ಕೂತಿರುವಾಗ "ಏನಂದರು ಹೇಳಮ್ಮ" ಎಂದು ಕೇಳುತ್ತಾರೆ, ಆಗ ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ. ಬರೆದಿದ್ದರೆ ಕಾಗದ ತೋರಿಸಿದರೆ ಸಾಕು.

ಎರಡನೇ ವಾಕ್ಯವನ್ನು ಪೂರ್ತಿ ಹೊಡೆದು ಹಾಕಿ. ನೀವು ಕಪ್ಪೋ ಬಿಳುಪೋ, ಓದಿನಲ್ಲಿ ಜಾಣೆಯೋ ಅಲ್ಲವೋ, ಈ ದೂರಿಗೆ ಸಂಬಂಧವೇ ಇಲ್ಲ. ಆ ವಾಕ್ಯ ಇದ್ದರೆ ಓದುವವರು ಕಾಗದ ಬಿಟ್ಟು ನಿಮ್ಮ ಮುಖ ನೋಡುತ್ತಾರೆ. "ಯಾವಾಗಲೂ" ಅನ್ನುವುದೂ ಬೇಡ. "ಆ ವಾರ ನಾನು ಊರಿಗೆ ಹೋಗಿದ್ದೆ" ಎಂದು ಒಬ್ಬಳು ಟಿಕೆಟ್ ತೋರಿಸಿದರೆ ಸಾಕು, ನಿಜವಾಗಿ ನಡೆದದ್ದರ ಮೇಲೂ ಅನುಮಾನ ಬರುತ್ತದೆ. ಮೂರು ಸಲ ನಡೆದಿದ್ದರೆ ಮೂರು ಸಲ ಎಂದೇ ಬರೆಯಿರಿ.

ನಿಮ್ಮ ಇನ್ನೊಂದು ಹಾಳೆಯಲ್ಲಿ ಇರುವುದನ್ನೇ ಜೋಡಿಸಿ ಹೊಸ ಅರ್ಜಿ ಮಾಡಿದ್ದೇನೆ. ನೀವು ಇದನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ಅವರು ಮರಾಠಿಯಲ್ಲಿ ಅಂದದ್ದು ಮಾತ್ರ ಮರಾಠಿಯಲ್ಲೇ ಇರಲಿ. ಹೆಸರು ಇರಬೇಕಾದ ಕಡೆ ನಾನು 'ಎ', 'ಬಿ' ಎಂದು ಹಾಕಿದ್ದೇನೆ. ನೀವು ಪೂರ್ತಿ ಹೆಸರು, ವರ್ಷ, ವಿಭಾಗ ಬರೆಯಬೇಕು.

> ಗಣಪತಿ ರಜೆ ಮುಗಿದ ವಾರ, ಸೋಮವಾರ ಅಥವಾ ಮಂಗಳವಾರ, ರಾತ್ರಿ ಊಟದ ಹೊತ್ತಿಗೆ ಹಾಸ್ಟೆಲ್ ಮೆಸ್‌ನಲ್ಲಿ ಮೂರನೇ ವರ್ಷದ 'ಎ' ನನ್ನನ್ನು "ಏ ಕಾಳೀ" ಎಂದು ಕರೆದರು. ಅವರ ಟೇಬಲ್‌ನಲ್ಲಿದ್ದವರು ನಕ್ಕರು. ನಾನೂ ನಕ್ಕೆ.
>
> ಅಕ್ಟೋಬರ್ 9, ರಾತ್ರಿ ಸುಮಾರು 8.30, ಅದೇ ಮೆಸ್. 'ಎ' ನನಗೆ "ಕಾಳೀ, ಲೈಟ್ ಗೇಲೀ ತರ ಹಸ್, ಮ್ಹಣಜೇ ದಿಸಶೀಲ್", ಅಂದರೆ "ಲೈಟ್ ಹೋದರೆ ನಗು, ಆಗ ಕಾಣಿಸ್ತೀಯ" ಎಂದರು. "ಹಾಗೆ ಕರೀಬೇಡಿ" ಎಂದು ನಾನು ಹೇಳಿದೆ. 'ಬಿ' ನನ್ನ ಮರಾಠಿ ಉಚ್ಚಾರವನ್ನು ಅಣಕಿಸಿ, 'ಎ' ಅಂದದ್ದನ್ನೇ ಮತ್ತೆ ಹೇಳಿದರು. ನನ್ನ ರೂಮ್‌ಮೇಟ್ ಪಕ್ಕದಲ್ಲಿದ್ದಳು.
>
> ಅಕ್ಟೋಬರ್ 11, ರಾತ್ರಿ 10.14. ಹಾಸ್ಟೆಲ್ ವಿಂಗ್‌ನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ 'ಬಿ' ನನ್ನ ಫೋಟೊ ಹಾಕಿದರು. ಮುಖವಿರುವ ಜಾಗಕ್ಕೆ ಕಪ್ಪು ಬಣ್ಣ ಬಳಿದಿತ್ತು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.
>
> ಅಕ್ಟೋಬರ್ 10ರಿಂದ ನಾನು ರಾತ್ರಿ ಊಟಕ್ಕೆ ಮೆಸ್‌ಗೆ ಹೋಗುತ್ತಿಲ್ಲ.
>
> ಇದು ನಿಲ್ಲಬೇಕು. ಆ ಫೋಟೊ ಅಳಿಸಬೇಕು. ದೂರು ಕೊಟ್ಟಿದ್ದಕ್ಕೆ ನನಗೆ ತೊಂದರೆ ಆಗಬಾರದು. ನನ್ನ ರೂಮ್ ಬದಲಿಸಬಾರದು.

"ನಾನೂ ನಕ್ಕೆ" ಎಂಬುದು ಯಾಕೆ ಎಂದು ಕೇಳಬಹುದು. ಯಾಕೆಂದರೆ ಅದು ನಡೆದಿದೆ, ಮತ್ತು ಅವರು ಮೊದಲು ಹೇಳುವುದೇ ಅದನ್ನು: "ಅವಳೂ ನಗ್ತಿದ್ದಳು." ನೀವೇ ಮೊದಲು ಬರೆದುಬಿಟ್ಟರೆ ಆ ಮಾತಿಗೆ ಬಲ ಇರುವುದಿಲ್ಲ. ಹೊಸದಾಗಿ ಬಂದ ಹುಡುಗಿ ಎಂಟು ಜನರ ಟೇಬಲ್ ಮುಂದೆ ಇನ್ನೇನು ಮಾಡಿಯಾಳು ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ಮುಖ್ಯವಾದದ್ದು ಅಕ್ಟೋಬರ್ 9ರದು. ಬೇಡ ಅಂದ ಮೇಲೂ ಅಂದರು, ಅಲ್ಲಿಗೆ ಮಸ್ಕರಿ ಎಂಬ ಸಬೂಬು ಮುಗಿಯಿತು. ತಾರೀಖು ನೆನಪಿಲ್ಲದ ಕಡೆ ಊಹಿಸಿ ಬರೆಯಬೇಡಿ, "ಸೋಮವಾರ ಅಥವಾ ಮಂಗಳವಾರ" ಎಂದರೆ ಯಾವ ನಷ್ಟವೂ ಇಲ್ಲ. "ಮಾನಸಿಕ ಹಿಂಸೆ" ಬದಲು ಮೆಸ್‌ಗೆ ಹೋಗುತ್ತಿಲ್ಲ ಎಂದು ಬರೆದಿದ್ದೇನೆ, ಏಕೆಂದರೆ ಅದನ್ನು ಮೆಸ್‌ನವರನ್ನು ಕೇಳಿ ತಿಳಿಯಬಹುದು. ರೂಮಿನ ಮಾತನ್ನು ಬೇಕೆಂದೇ ಸೇರಿಸಿದೆ. ಎಷ್ಟೋ ಹಾಸ್ಟೆಲ್‌ಗಳಲ್ಲಿ ಪರಿಹಾರ ಎಂದರೆ ದೂರು ಕೊಟ್ಟವಳನ್ನು ಬೇರೆ ವಿಂಗ್‌ಗೆ ಕಳಿಸುವುದು!

ಸ್ಕ್ರೀನ್‌ಶಾಟ್ ಕತ್ತರಿಸಬೇಡಿ. ಗ್ರೂಪಿನ ಹೆಸರು, ಕಳಿಸಿದವರ ಹೆಸರು ಅಥವಾ ನಂಬರ್, ಸಮಯ ಎಲ್ಲ ಕಾಣಬೇಕು. ಚಾಟ್ ಅನ್ನೂ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ. ಇವೆರಡೂ ಆಗುವವರೆಗೆ, ಎಷ್ಟೇ ಬೇಸರವಾದರೂ, ಆ ಗ್ರೂಪ್ ಬಿಟ್ಟು ಹೋಗಬೇಡಿ.

ಇನ್ನು, ಇದನ್ನು ಯಾವ ನಿಯಮದ ಕೆಳಗೆ ಕೇಳುವುದು? ರ‍್ಯಾಗಿಂಗ್ ಎಂದರೆ ಹೊಡೆತ, ಬಟ್ಟೆ ಬಿಚ್ಚಿಸುವುದು ಎಂದೇ ತುಂಬ ಜನ ತಿಳಿದಿದ್ದಾರೆ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಗಳು 2009ರವು. 2016ರ ತಿದ್ದುಪಡಿಯಲ್ಲಿ ಒಂದು ಸಾಲು ಸೇರಿತು. ಮೈಬಣ್ಣ, ರೂಪ, ಜಾತಿ, ಯಾವ ಪ್ರದೇಶದವರು, ಯಾವ ಭಾಷೆಯವರು, ಇಂಥ ಕಾರಣಗಳಿಗೆ ಒಬ್ಬ ವಿದ್ಯಾರ್ಥಿಯನ್ನು ದೈಹಿಕವಾಗಿಯೋ ಮಾನಸಿಕವಾಗಿಯೋ ಹಿಂಸಿಸುವುದು, ಗುಂಪಿನಿಂದ ದೂರ ಇಡುವುದು ಕೂಡ ರ‍್ಯಾಗಿಂಗ್. ನಿಮ್ಮ ಬಣ್ಣಕ್ಕೆ ಅಂದದ್ದೂ ಇದರಲ್ಲಿ ಬರುತ್ತದೆ, ನಮ್ಮ ಕನ್ನಡದ ಧಾಟಿಯ ಮರಾಠಿಯನ್ನು ಅಣಕಿಸಿದ್ದೂ ಬರುತ್ತದೆ. ಹಾಗಾಗಿ ಅರ್ಜಿಯ ವಿಷಯದ ಸಾಲಿನಲ್ಲಿ "ರ‍್ಯಾಗಿಂಗ್ ಬಗ್ಗೆ ದೂರು" ಎಂದೇ ಬರೆಯಿರಿ, "ವಿನಂತಿ" ಎಂದಲ್ಲ. ಪ್ರಾಂಶುಪಾಲರ ಹೆಸರಿಗೆ ಬರೆದು, ರೆಕ್ಟರ್‌ಗೆ ಮತ್ತು ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ಪ್ರತಿ ಕೊಡಿ.

ಮಹಾರಾಷ್ಟ್ರದಲ್ಲಿ ಇದಕ್ಕೆ 1999ರ ಕಾನೂನೇ ಇದೆ. ಅದರ ಪ್ರಕಾರ ಬರಹದಲ್ಲಿ ದೂರು ಬಂದರೆ ಸಂಸ್ಥೆಯ ಮುಖ್ಯಸ್ಥರು ಏಳು ದಿನದೊಳಗೆ ವಿಚಾರಿಸಬೇಕು. ಮೇಲ್ನೋಟಕ್ಕೆ ನಿಜ ಎಂದು ಕಂಡರೆ ಆ ವಿದ್ಯಾರ್ಥಿಯನ್ನು ಸಸ್ಪೆಂಡ್ ಮಾಡಿ ದೂರನ್ನು ಪೊಲೀಸರಿಗೆ ಕಳಿಸಬೇಕು. ಇದು ಸಣ್ಣ ವಿಷಯವಲ್ಲ ಎಂದು ನಿಮಗೂ ಗೊತ್ತಿರಲಿ. ಒಂದು ಮಾತನ್ನೂ ಹಿಗ್ಗಿಸಬೇಡಿ ಎಂದು ನಾನು ಹೇಳುತ್ತಿರುವುದು ಅದಕ್ಕೇ. ರೆಕ್ಟರ್‌ಗಳು "ತಡಜೋಡ್ ಮಾಡ್ಕೊಳ್ಳಿ" ಎಂದು ಒತ್ತಾಯಿಸುವುದೂ ಅದಕ್ಕೇ.

ಏಳು ದಿನ ಎಣಿಸಲು ಮೊದಲ ದಿನ ಯಾವುದು ಎಂದು ಕಾಗದದ ಮೇಲೆ ಇರಬೇಕು. ಎರಡು ಪ್ರತಿ ತೆಗೆದುಕೊಂಡು ಕಾಲೇಜ್ ಆಫೀಸಿಗೆ ಹೋಗಿ, ನಿಮ್ಮ ಪ್ರತಿಯ ಮೇಲೆ ಇನ್ವರ್ಡ್ ನಂಬರ್, ತಾರೀಖು, ಸಿಕ್ಕಾ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಜಗಳ ಬೇಡ. ಅಲ್ಲೇ ನಿಂತು ಅದನ್ನೇ ಪ್ರಾಂಶುಪಾಲರಿಗೆ ಇ-ಮೇಲ್ ಮಾಡಿ. ಏನೂ ಆಗದಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಕರೆ ಮಾಡಿ, ಅಥವಾ helpline@antiragging.in ಗೆ ಬರೆಯಿರಿ.

ಪ್ರಾಕ್ಟಿಕಲ್ ಸರ್ ವಿಷಯವನ್ನು ಈ ಅರ್ಜಿಯಲ್ಲಿ ಸೇರಿಸಿಲ್ಲ. ರ‍್ಯಾಗಿಂಗ್ ನಿಯಮ ವಿದ್ಯಾರ್ಥಿಗಳು ವಿದ್ಯಾರ್ಥಿಗಳಿಗೆ ಮಾಡುವುದಕ್ಕೆ. ಬ್ಯಾಚಿನವರ ಎದುರಿಗೆ "ಪ್ಲೇಸ್‌ಮೆಂಟ್ ಬರೋದ್ರೊಳಗೆ ಮುಖಕ್ಕೆ ಏನಾದ್ರೂ ಹಚ್ಕೊಳ್ಳೋಕೆ ಶುರು ಮಾಡು" ಎಂದ ಮೇಷ್ಟ್ರ ಮೇಲಿನ ದೂರು ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗಬೇಕು. ಯುಜಿಸಿಯ 2023ರ ನಿಯಮದಂತೆ ಪ್ರತಿ ಕಾಲೇಜಿನಲ್ಲೂ ಆ ಸಮಿತಿ ಇರಬೇಕು. ಅದಕ್ಕೆ ಬೇರೆ ಹಾಳೆ, ಬೇರೆ ಇನ್ವರ್ಡ್ ನಂಬರ್. ಎರಡನ್ನೂ ಒಂದರಲ್ಲೇ ಬರೆದರೆ ಇವರು ಅವರ ಕಡೆ ತೋರಿಸುತ್ತಾರೆ, ಅವರು ಇವರ ಕಡೆ. ಯಾರಾದರೂ ಜಾತಿ ಎತ್ತಿ ಅಂದಿದ್ದರೆ ಅದನ್ನೂ ಅಂದ ಹಾಗೇ ಬರೆಯಬೇಕು, 'ರೂಪದ ಮಾತು' ಎಂದು ತೇಲಿಸಬಾರದು. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಬಹುದು, ಮೊದಲು ವಕೀಲರೊಬ್ಬರನ್ನು ಕಾಣಿ.

ಮುಂಬೈ, ಠಾಣೆ ಕಡೆಯ ಕೆಲಸಕ್ಕೆ ಹೋಗುವ ಓದುಗರೂ ಇಂಥದ್ದೇ ಕೇಳುತ್ತಾರೆ. ಅವರಿಗೆ ಒಂದೇ ಮಾತು: ಆಫೀಸಿನಲ್ಲಿ ಬಣ್ಣದ ಬಗ್ಗೆ ಬರೀ ಹೀಯಾಳಿಕೆಯಾದರೆ ದೂರು ಹೋಗುವುದು ಎಚ್‌ಆರ್‌ಗೆ. ಅದರಲ್ಲಿ ಲೈಂಗಿಕ ಧ್ವನಿ ಇದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಕೆಳಗೆ ಆಂತರಿಕ ಸಮಿತಿಗೆ, ಮೂರು ತಿಂಗಳೊಳಗೆ. ಬರೆಯುವ ಬಗೆ ಮಾತ್ರ ಎರಡಕ್ಕೂ ಇದೇ.

ಮನೆಯಲ್ಲಿ ಹೇಳಬೇಕೇ? 1999ರ ಕಾನೂನಿನಲ್ಲಿ ತಂದೆತಾಯಿಯೂ ದೂರು ಕೊಡಬಹುದು, ಅಪ್ಪನ ಸಹಿ ಕಂಡರೆ ಆಫೀಸಿನವರು ಬೇಗ ಏಳುತ್ತಾರೆ. ಆದರೆ ಕಾಲೇಜಿನಿಂದ ಫೋನು ಹೋಗಿ ಅಪ್ಪನಿಗೆ ವಿಷಯ ತಿಳಿಯುವುದು ಬೇಡ. ಈ ವಾರ ಊರಿಗೆ ಹೋಗುವುದಿದ್ದರೆ ನನಗೆ ಕಳಿಸಿದ ಆ ಎರಡನೇ ಹಾಳೆಯನ್ನೇ ಅವರ ಕೈಗೆ ಕೊಡಿ. ಸೋಮವಾರ ಅರ್ಜಿ ಕೊಡುವಾಗ ರೂಮ್‌ಮೇಟ್ ಜೊತೆಯಲ್ಲಿರಲಿ. ಅವಳ ಹೆಸರನ್ನು ಸಾಕ್ಷಿಯಾಗಿ ಬರೆಯುವ ಮೊದಲು ಒಂದು ಮಾತು ಅವಳನ್ನು ಕೇಳಿ.